ನುಸಿಬತ್ತಿಯಲ್ಲಿ ಉಳಿದ ತೊಂಬತ್ತೊಂಬತ್ತು ಭಾಗ ಏನು?

ಮಳೆಗಾಲ ಹಿಡಿದೊಡನೆ ಕಾಸರಗೋಡಿನ ಅಡಕೆ ತೋಟಗಳಲ್ಲಿ ಉದುರಿದ ಹಾಳೆಗಳಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲಿ, ಹಿತ್ತಿಲ ಒಡೆದ ಬಕೆಟ್ಟುಗಳಲ್ಲಿ ನೀರು ನಿಲ್ಲುತ್ತದೆ. ವಾರ ಹತ್ತು ದಿನಗಳೊಳಗೆ ಅದರಿಂದ ಸೊಳ್ಳೆಗಳೇಳುತ್ತವೆ. ಈ ಕಡೆಯ ಮನೆಮಾತಿನಲ್ಲಿ ಹೇಳುವುದಾದರೆ, ನುಸಿಗಳೇಳುತ್ತವೆ. ಅದೇ ವಾರದಲ್ಲಿ ಅಂಗಡಿಯ ಕಪಾಟಿನಲ್ಲಿ ಬತ್ತಿ, ದ್ರವದ ಬಾಟಲಿ, ಮುಲಾಮು, ಊದುಬತ್ತಿ, ಪರದೆಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾವುದು ಹೆಚ್ಚು ಜೋರು? ಚಿಕ್ಕ ಮಕ್ಕಳಿರುವ ಮನೆಗೆ ಆ ಪ್ರಶ್ನೆ ಸಾಲದು. ಪೊಟ್ಟಣದಲ್ಲಿ ಸೊಳ್ಳೆಗಾಗಿ ಇರಿಸಿದ ದ್ರವ್ಯ ಯಾವುದು, ಅದು ಎಷ್ಟಿದೆ, ಮತ್ತು ಅದನ್ನು ಕಳೆದ ಮೇಲೆ ಉಳಿಯುವ ಪಾಲು ಏನು ಎಂಬ ಮೂರು ಪ್ರಶ್ನೆಗಳು ಅಲ್ಲಿಗೆ ಬೇಕಾದವು.

ಇವುಗಳಲ್ಲಿ ಮೊದಲಿನ ಎರಡಕ್ಕೆ ಉತ್ತರವನ್ನು ಕಾನೂನೇ ಪೊಟ್ಟಣದ ಮೇಲೆ ಬರೆಸಿದೆ. ಸೊಳ್ಳೆಬತ್ತಿಯೂ ದ್ರವದ ಬಾಟಲಿಯೂ ಕಾನೂನಿನ ದೃಷ್ಟಿಯಲ್ಲಿ ಕೀಟನಾಶಕಗಳೇ. ಹೊಲಕ್ಕೆ ಸಿಂಪಡಿಸುವ ಔಷಧಕ್ಕೆ ಅನ್ವಯಿಸುವ 1968ರ ಕೀಟನಾಶಕ ಅಧಿನಿಯಮ ಮತ್ತು 1971ರ ಕೀಟನಾಶಕ ನಿಯಮಗಳು ಮಲಗುವ ಕೋಣೆಯ ಈ ಸರಕಿಗೂ ಅನ್ವಯಿಸುತ್ತವೆ. ಕೇಂದ್ರದ ನೋಂದಣಿ ಸಮಿತಿಯಲ್ಲಿ ನೋಂದಣಿಯಾಗದ ಕೀಟನಾಶಕವನ್ನು ತಯಾರಿಸುವುದೂ ಮಾರುವುದೂ ಅಪರಾಧ. ನೋಂದಣಿಯಾದದ್ದರ ಚೀಟಿಯ ಮೇಲೆ ತಯಾರಕರ ಹೆಸರು, ನೋಂದಣಿ ಸಂಖ್ಯೆ, ಕ್ರಿಯಾಶೀಲ ದ್ರವ್ಯದ ಹೆಸರು ಮತ್ತು ಅದರ ಶೇಕಡಾ ಪ್ರಮಾಣ, ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ವಿಷಬಾಧೆಗೆ ಚಿಕಿತ್ಸೆಯ ಸೂಚನೆ ಇವೆಲ್ಲ ಇರಬೇಕು. ನೋಂದಣಿ ಸಂಖ್ಯೆ ಬಹುಪಾಲು ‘ಸಿಐಆರ್’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ.

ಈ ಬರಹ ಯಾವ ಭಾಷೆಯಲ್ಲಿರಬೇಕೆಂಬುದಕ್ಕೂ ನಿಯಮವುಂಟು. ಇಂಗ್ಲಿಷ್, ಹಿಂದಿಗಳ ಜತೆಗೆ, ಸರಕು ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಅದು ಇರಬೇಕು ಎನ್ನುತ್ತದೆ ನಿಯಮ. ‘ಒಂದೆರಡು’ ಎಂಬ ಮಾತಿನಿಂದಾಗಿ ಗಡಿನಾಡಿನ ಕಪಾಟಿಗೆ ಬರುವ ಪೊಟ್ಟಣದಲ್ಲಿ ಕನ್ನಡ ಇದ್ದೀತು, ಇಲ್ಲದೆಯೂ ಇದ್ದೀತು. ಆದುದರಿಂದ ಇಂಗ್ಲಿಷಿನಲ್ಲಿ ಅಚ್ಚಾದ ಆ ನಾಲ್ಕೈದು ಸಾಲುಗಳನ್ನು ಗುರುತಿಸಿ ಓದುವುದನ್ನು ಮನೆಯ ದೊಡ್ಡ ಮಗುವಿಗೆ ಕಲಿಸಿಕೊಟ್ಟರೆ ಪ್ರಯೋಜನವಿದೆ.

ಚೀಟಿಯ ಮೇಲೆ ವಜ್ರಾಕೃತಿಯ ಒಂದು ಗುರುತೂ ಇರುತ್ತದೆ. ಅದರ ಕೆಳ ತ್ರಿಕೋನದ ಬಣ್ಣ ಕೆಂಪಾದರೆ ಅತಿ ತೀವ್ರ ವಿಷ, ಹಳದಿಯಾದರೆ ತೀವ್ರ ವಿಷ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಮನೆಬಳಕೆಯ ಸೊಳ್ಳೆನಾಶಕಗಳ ಮೇಲೆ ಸಾಮಾನ್ಯವಾಗಿ ಕಾಣುವುದು ನೀಲಿ ಅಥವಾ ಹಸಿರು. ಹಸಿರನ್ನು ಕಂಡವರು ‘ಮಕ್ಕಳಿಗೆ ತೊಂದರೆಯಿಲ್ಲ’ ಎಂದು ತೀರ್ಮಾನಿಸುವುದುಂಟು. ಆ ತೀರ್ಮಾನ ತಪ್ಪು. ಈ ಬಣ್ಣಗಳ ವಿಂಗಡಣೆಗೆ ಆಧಾರವಾಗಿರುವುದು, ಪ್ರಯೋಗಪ್ರಾಣಿಗಳಲ್ಲಿ ದ್ರವ್ಯವು ಬಾಯಿಯ ಮೂಲಕವಾಗಲಿ ಚರ್ಮದ ಮೂಲಕವಾಗಲಿ ದೇಹಕ್ಕೆ ಸೇರಿದಾಗ ಎಷ್ಟು ಪ್ರಮಾಣ ಮಾರಕವಾಗುತ್ತದೆ ಎಂಬ ಲೆಕ್ಕ. ರಾತ್ರಿಯಿಡೀ ಉಸಿರಾಡಿದ ಹೊಗೆಯನ್ನು ಅದು ಅಳೆಯುವುದಿಲ್ಲ. ಕುಡಿದ ದ್ರವ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆಂಬುದನ್ನೂ ಅದು ಹೇಳುವುದಿಲ್ಲ. ಮೂರನೆಯ ಪ್ರಶ್ನೆ, ಅಂದರೆ ಉಳಿದ ಪಾಲು ಏನು ಎಂಬುದು, ಇಲ್ಲಿ ಅಗತ್ಯವಾಗುತ್ತದೆ.

ಇದನ್ನು ಒಂದು ಮನೆಯ ಲೆಕ್ಕದಲ್ಲಿಟ್ಟು ನೋಡಬಹುದು. ಕುಂಬಳೆಯ ಆಚೆಗೆ ತೋಟದ ನಡುವಿನ ಮನೆ ಎಂದು ಭಾವಿಸೋಣ. ಅಲ್ಲಿ ನಾಲ್ಕು ತಿಂಗಳ ಹಸುಗೂಸು, ಎರಡೂವರೆ ವರ್ಷದ ಮಗು, ಕನ್ನಡ ಮಾಧ್ಯಮ ಶಾಲೆಯ ಮೂರನೆಯ ತರಗತಿಯಲ್ಲಿ ಓದುವ ಎಂಟು ವರ್ಷದ ಹುಡುಗಿ, ಹೀಗೆ ಮೂವರು ಮಕ್ಕಳು. ಅಪ್ಪ ಅಂಗಡಿಯಿಂದ ತಂದುದು ಒಂದು ಪೊಟ್ಟಣ ಬತ್ತಿ, ಒಂದು ದ್ರವದ ಬಾಟಲಿ ಮತ್ತು ಅದರ ಯಂತ್ರ, ಒಂದು ಟ್ಯೂಬ್ ಮುಲಾಮು, ಒಂದು ಕಟ್ಟು ‘ಗಿಡಮೂಲಿಕೆ’ ಊದುಬತ್ತಿ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯದೊಂದು ಸೊಳ್ಳೆ ಪರದೆ ಇದೆ.

ಮೊದಲು ಬತ್ತಿ. ಅದರ ಚೀಟಿಯಲ್ಲಿ ‘ಡಿ-ಟ್ರಾನ್ಸ್ ಅಲೆತ್ರಿನ್ ಶೇ. 0.1’ ಎಂದಿದೆ ಎನ್ನೋಣ. ಅಲೆತ್ರಿನ್, ಪ್ರಾಲೆತ್ರಿನ್, ಟ್ರಾನ್ಸ್‌ಫ್ಲುತ್ರಿನ್, ಮೆಟೋಫ್ಲುತ್ರಿನ್ ಇವೆಲ್ಲ ಪೈರೆಥ್ರಾಯ್ಡ್ ಎಂಬ ಒಂದೇ ಕುಲದವು. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿ ಸಹಜವಾಗಿರುವ ಕೀಟನಾಶಕ ದ್ರವ್ಯವನ್ನು ಅನುಕರಿಸಿ ರಸಾಯನಶಾಲೆಯಲ್ಲಿ ತಯಾರಿಸಿದವು. ಕೀಟದ ನರಗಳನ್ನು ಅವು ಬಹುಬೇಗ ಕೆಡಿಸುತ್ತವೆ. ಮನುಷ್ಯದೇಹ ಅವನ್ನು ಬೇಗ ಒಡೆದು ಹೊರಹಾಕುತ್ತದೆ. ಸುಮಾರು 12 ಗ್ರಾಂ ತೂಗುವ ಒಂದು ಬತ್ತಿಯಲ್ಲಿ ಶೇ. 0.1 ಎಂದರೆ 12 ಮಿಲಿಗ್ರಾಂ ಮಾತ್ರ. ಉಳಿದ ಪಾಲೆಲ್ಲ ಮರದ ಹುಡಿ, ತೆಂಗಿನ ಚಿಪ್ಪಿನ ಹುಡಿ, ಅಂಟು, ಬಣ್ಣ, ಪರಿಮಳ. ಏಳೆಂಟು ಗಂಟೆಗಳ ಕಾಲ ಕಿಚ್ಚು ಹಿಡಿದು ಕನಲುತ್ತಾ ಹೊಗೆಯಾಗುವುದು ಈ ಪಾಲೇ.

ಮಗುವಿಗೆ ಬತ್ತಿಯಿಂದಾಗುವ ಹಾನಿಯ ಮುಖ್ಯ ಮೂಲ ಆ 12 ಮಿಲಿಗ್ರಾಮಿಗಿಂತ ಹೆಚ್ಚಾಗಿ ಈ ಹೊಗೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಅತಿ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮವೆಂದು ಕಂಡುಕೊಂಡಿತು. ಫಾರ್ಮಾಲ್ಡಿಹೈಡ್ ಎಂಬ ಅನಿಲದ ಪ್ರಮಾಣ 51 ಸಿಗರೇಟುಗಳಷ್ಟರವರೆಗೂ ಇತ್ತು. ಇದು ಬತ್ತಿ ಹೊರಬಿಡುವ ಒಟ್ಟು ಮೊತ್ತವೇ ಹೊರತು ಮಗು ಒಳಗೆಳೆದುಕೊಳ್ಳುವ ಮೊತ್ತವಲ್ಲ. ಕೋಣೆಯ ಗಾತ್ರ, ಕಿಟಕಿ ತೆರೆದಿದೆಯೇ ಎಂಬುದರ ಮೇಲೆ ಆ ಎರಡನೆಯ ಮೊತ್ತ ನಿಲ್ಲುತ್ತದೆ. ಆದರೆ ಸೊಳ್ಳೆ ಬಾರದಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಬತ್ತಿ ಹಚ್ಚುವ ವಾಡಿಕೆ ಎಲ್ಲ ಕಡೆಯೂ ಇದೆ. ಹಸುಗೂಸು ದೊಡ್ಡವರಿಗಿಂತ ಬೇಗಬೇಗ ಉಸಿರಾಡುತ್ತದೆ, ದಿನದ ಬಹುಪಾಲು ಅದೇ ಕೋಣೆಯಲ್ಲಿರುತ್ತದೆ, ಹೊಗೆ ಹೆಚ್ಚಾಯಿತೆಂದು ಎದ್ದು ಹೋಗಲಾರದು.

‘ಹೊಗೆ ಕಡಿಮೆ’ ಎಂದು ಬರೆದ ಬತ್ತಿಯ ಸಂಗತಿ ಬೇರೆಯಲ್ಲವೇ ಎಂದು ಕೇಳಬಹುದು. ಇಂಥ ಬತ್ತಿಗಳಲ್ಲಿ ಮರದ ಹುಡಿಯ ಜಾಗದಲ್ಲಿ ಇದ್ದಿಲಿನ ಹುಡಿ ಹೆಚ್ಚಾಗಿರುತ್ತದೆ. ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾಗುತ್ತದೆ, ಕಣಗಳೂ ಕಡಿಮೆಯಾಗುತ್ತವೆ. ಆದರೆ ಇದ್ದಿಲು ಕನಲಿದಾಗ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲ ಹೊರಡುವುದು ತಪ್ಪುವುದಿಲ್ಲ. ಆದುದರಿಂದ ಆ ಮನೆಯಲ್ಲಿ ಬತ್ತಿಗೆ ಸಲ್ಲುವ ಸ್ಥಳ ತೆರೆದ ಜಗಲಿ. ಸಂಜೆ ದೊಡ್ಡವರು ಕುಳಿತು ಮಾತನಾಡುವಾಗ ಲೋಹದ ತಟ್ಟೆಯ ಮೇಲೆ, ಮಕ್ಕಳ ಕೈಗೆಟುಕದಂತೆ ಹಚ್ಚಬಹುದು. ಮಲಗುವ ಕೋಣೆಯೊಳಗೆ, ಅದರಲ್ಲೂ ನೈಲಾನ್ ಪರದೆಯ ಬದಿಯಲ್ಲಿ ಅಥವಾ ಮಂಚದ ಅಡಿಯಲ್ಲಿ ಹಚ್ಚಿದರೆ ಹೊಗೆಯ ಜತೆಗೆ ಬೆಂಕಿಯ ಭಯವೂ ಸೇರುತ್ತದೆ.

ಎರಡನೆಯದು ದ್ರವದ ಬಾಟಲಿ. ಚೀಟಿಯಲ್ಲಿ ‘ಟ್ರಾನ್ಸ್‌ಫ್ಲುತ್ರಿನ್ ಶೇ. 0.88’ ಎಂದಿದೆ. ಬತ್ತಿಯ 0.1ಕ್ಕೆ ಹೋಲಿಸಿದರೆ ಇದು ಒಂಬತ್ತು ಪಟ್ಟು ಹೆಚ್ಚಲ್ಲವೇ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಹಾಗಿಲ್ಲ. 45 ಮಿಲಿಲೀಟರಿನ ಬಾಟಲಿಯ ದ್ರವ ಸುಮಾರು 36 ಗ್ರಾಂ ತೂಗುತ್ತದೆ. ಅದರಲ್ಲಿ ಶೇ. 0.88 ಎಂದರೆ ಸುಮಾರು 320 ಮಿಲಿಗ್ರಾಂ. ಬಾಟಲಿ 45 ರಾತ್ರಿ ಬಂದರೆ ಒಂದು ರಾತ್ರಿಗೆ ಏಳು ಮಿಲಿಗ್ರಾಂ. ಶೇಕಡಾ ಅಂಕಿಯನ್ನು ಬತ್ತಿಗೂ ದ್ರವಕ್ಕೂ ನಡುವೆ ನೇರವಾಗಿ ಹೋಲಿಸಬಾರದು ಎಂಬುದು ಇದರಿಂದ ಸ್ಪಷ್ಟ. ಒಂದೇ ದ್ರವ್ಯದ ಎರಡು ದ್ರವದ ಬಾಟಲಿಗಳನ್ನು ಮಾತ್ರ ಹಾಗೆ ಹೋಲಿಸಬಹುದು. ಟ್ರಾನ್ಸ್‌ಫ್ಲುತ್ರಿನ್ ಶೇ. 0.88 ಮತ್ತು ಶೇ. 1.6 ಎಂಬ ಎರಡು ಬಾಟಲಿಗಳು ಎದುರಿಗಿದ್ದರೆ, ಚಿಕ್ಕ ಕೋಣೆಗೂ ಕೂಸಿಗೂ ಕಡಿಮೆ ಅಂಕಿಯದೇ ಸಾಕು. ಯಂತ್ರದ ಮೇಲೆ ‘ಹೆಚ್ಚು’, ‘ಸಾಮಾನ್ಯ’ ಎಂಬ ಗುಂಡಿಯಿದ್ದರೆ ಅದೂ ಸಾಮಾನ್ಯದಲ್ಲಿರಲಿ.

ಇಲ್ಲಿ ಏನೂ ಉರಿಯುವುದಿಲ್ಲ. ಬತ್ತಿಯ ಹೊಗೆ, ಕಣ, ಮಾನಾಕ್ಸೈಡ್ ಯಾವುದೂ ಇಲ್ಲ. ಉಸಿರಾಟದ ಮಟ್ಟಿಗೆ ಇದು ಬತ್ತಿಗಿಂತ ಮೇಲು. ಆದರೂ ಮುಚ್ಚಿದ ಕೋಣೆಯಲ್ಲಿ ಕೆಲವು ಮಕ್ಕಳಿಗೆ, ವಿಶೇಷವಾಗಿ ಉಬ್ಬಸದ ಪ್ರವೃತ್ತಿಯವರಿಗೆ, ಕೆಮ್ಮು, ಮೂಗು ಸೋರುವಿಕೆ, ಕಣ್ಣುರಿ ಬರುವುದುಂಟು. ಯಂತ್ರ ಹಾಕಿದ ರಾತ್ರಿ ಕೆಮ್ಮಿ, ಹಾಕದ ರಾತ್ರಿ ಸುಮ್ಮನೆ ಮಲಗುವ ಮಗುವಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಮಲಗುವ ಅರ್ಧ ಗಂಟೆ ಮುಂಚೆ, ಮಕ್ಕಳು ಕೋಣೆಯಲ್ಲಿಲ್ಲದಾಗ ಯಂತ್ರ ಹಾಕಿ, ಅವರು ಪರದೆಯೊಳಗೆ ಸೇರಿದ ಮೇಲೆ ಆರಿಸಿ, ಬಲೆ ಹೊಡೆದ ಕಿಟಕಿಯನ್ನು ತೆರೆದಿಡುವುದು ಸರಿಯಾದ ಕ್ರಮ. ಕೂಸಿನ ತೊಟ್ಟಿಲ ತಲೆಯ ಬಳಿಯ ಪ್ಲಗ್ಗಿನಲ್ಲಿ ಯಂತ್ರವಿರಬಾರದು, ಕೋಣೆಯ ಎದುರು ಬದಿಯಲ್ಲಿರಬೇಕು.

ಇನ್ನು ಬಾಟಲಿಯ ಉಳಿದ ತೊಂಬತ್ತೊಂಬತ್ತು ಭಾಗ. ಅದು ಸೀಮೆಎಣ್ಣೆಯ ಜಾತಿಯ ತೆಳು ಎಣ್ಣೆ, ಜತೆಗಿಷ್ಟು ಪರಿಮಳ. ಈ ಮನೆಯಲ್ಲಿ ಅದರ ಅಪಾಯ ಹಸುಗೂಸಿಗಲ್ಲ, ಎರಡೂವರೆ ವರ್ಷದ ಮಗುವಿಗೆ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ, ದೊಡ್ಡವರು ತಿರುಗಿಸಿದ ಮುಚ್ಚಳವನ್ನು ತಾನೂ ತಿರುಗಿಸಿ ನೋಡುವ ವಯಸ್ಸು ಅದು. ಪ್ಲಗ್ಗು ನೆಲದಿಂದ ಒಂದಡಿ ಮೇಲಿದ್ದರೆ ಬಾಟಲಿ ಕೈಗೆಟುಕುತ್ತದೆ. ಸುವಾಸನೆಯೂ ಇದೆ.

ಈ ಎಣ್ಣೆ ತುಂಬ ತೆಳುವಾದುದರಿಂದ ಒಂದು ಗುಟುಕು ಕುಡಿದು ಮಗು ಕೆಮ್ಮಿದಾಗ ಅಥವಾ ವಾಂತಿ ಮಾಡಿದಾಗ ಅದು ಸುಲಭವಾಗಿ ಶ್ವಾಸನಾಳಕ್ಕೆ ಜಾರುತ್ತದೆ. ಶ್ವಾಸಕೋಶದಲ್ಲಿ ತೆಳುವಾಗಿ ಹರಡಿ, ರಾಸಾಯನಿಕ ನ್ಯುಮೋನಿಯಾಕ್ಕೆ ಕಾರಣವಾಗುತ್ತದೆ. ಆದುದರಿಂದ ಮಗು ದ್ರವ ಕುಡಿದಿದೆ ಎಂಬ ಸಂಶಯ ಬಂದೊಡನೆ ಮಾಡಬಾರದ ಕೆಲಸವೇ ಮೊದಲು ನೆನಪಿರಬೇಕು: ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು, ತಲೆಕೆಳಗೆ ಹಿಡಿದು ಬೆನ್ನು ಬಡಿಯುವುದು ಇವೆಲ್ಲ ಹೊಟ್ಟೆಯಲ್ಲಿದ್ದ ಎಣ್ಣೆಯನ್ನು ಮತ್ತೊಮ್ಮೆ ಗಂಟಲಿಗೆ ತಂದು ಶ್ವಾಸಕೋಶಕ್ಕೆ ದಾರಿ ಮಾಡಿಕೊಡುತ್ತವೆ. ‘ವಿಷ ಮುರಿಯಲಿ’ ಎಂದು ಹಾಲನ್ನೋ ಎಣ್ಣೆಯನ್ನೋ ಕುಡಿಸುವುದೂ ಬೇಡ. ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ದ್ರವ ತಗಲಿದ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಬಾಟಲಿಯನ್ನೂ ಅದರ ಪೆಟ್ಟಿಗೆಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು. ಯಾವ ದ್ರವ್ಯ, ಎಷ್ಟು ಪ್ರಮಾಣ ಎಂಬ ವೈದ್ಯರ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯ ಮೇಲಿದೆ.

ಮಗು ನಗುತ್ತಾ ಆಡುತ್ತಾ ಇದ್ದರೂ ಹೋಗಬೇಕು. ಶ್ವಾಸಕೋಶದ ತೊಂದರೆ ಕೆಲವೊಮ್ಮೆ ತಡವಾಗಿ ತಲೆದೋರುವುದರಿಂದ ವೈದ್ಯರು ಸಾಮಾನ್ಯವಾಗಿ ಆರು ಗಂಟೆಗಳಷ್ಟಾದರೂ ಮಗುವನ್ನು ಗಮನಿಸುತ್ತಾರೆ. ಬಿಡದ ಕೆಮ್ಮು, ಬೇಗಬೇಗನೆ ಉಸಿರಾಟ, ಉಸಿರೆಳೆಯುವಾಗ ಪಕ್ಕೆಯ ನಡುವಿನ ಚರ್ಮ ಒಳಗೆ ಸೆಳೆದುಕೊಳ್ಳುವುದು, ಮಂಪರು, ತುಟಿ ನೀಲಿಯಾಗುವುದು ಇವುಗಳಲ್ಲಿ ಒಂದಾದರೂ ಕಂಡರೆ 108ಕ್ಕೆ ಕರೆ ಮಾಡಲು ಕ್ಷಣವೂ ತಡಮಾಡಬಾರದು.

ಖಾಲಿಯಾದ ಬಾಟಲಿಗೆ ಸೀಮೆಎಣ್ಣೆ, ಬೇವಿನೆಣ್ಣೆ, ಕರ್ಪೂರ ಬೆರೆಸಿ ತುಂಬುವ ಮನೆಮದ್ದೊಂದು ಕೈಯಿಂದ ಕೈಗೆ ಹರಡಿದೆ. ಅದರಿಂದ ಉಳಿಯುವ ಹಣ ಅಲ್ಪ, ಅಪಾಯ ದೊಡ್ಡದು. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಅಪಸ್ಮಾರದಂಥ ಸೆಳೆತ ಬರುತ್ತದೆ. ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳಲ್ಲಿ ಮೆದುಳು, ಯಕೃತ್ತುಗಳಿಗೆ ತೀವ್ರ ಬಾಧೆಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಾದ ಯಂತ್ರದಲ್ಲಿ ಸೀಮೆಎಣ್ಣೆಯಿಡುವುದಂತೂ ಬೆಂಕಿಗೆ ಆಹ್ವಾನ.

ಮೂರನೆಯದು ಮುಲಾಮು. ಬತ್ತಿ, ದ್ರವಗಳಲ್ಲಿ ಚಿಂತೆ ಉಳಿದ ಪಾಲಿನದಾದರೆ, ಇಲ್ಲಿ ಅದು ತಿರುವುಮುರುವು. ಮುಲಾಮಿನ ಉಳಿದ ಪಾಲು ಸಾಮಾನ್ಯ ಲೇಪನದ್ದೇ. ನೋಡಬೇಕಾದದ್ದು ಕ್ರಿಯಾಶೀಲ ದ್ರವ್ಯವನ್ನು. ಭಾರತದಲ್ಲಿ ಹೆಚ್ಚು ಸಿಗುವ ಮುಲಾಮಿನಲ್ಲಿ ಇರುವುದು ಡೈಈಥೈಲ್ ಬೆಂಜಮೈಡ್, ಶೇ. 12. ಕೆಲವು ತುಂತುರು ದ್ರವಗಳಲ್ಲಿ ಡೀಟ್ ಅಥವಾ ಪಿಕಾರಿಡಿನ್ ಇರುತ್ತದೆ. ಇವು ಸೊಳ್ಳೆಯನ್ನು ಕೊಲ್ಲುವುದಿಲ್ಲ, ಮೈಯ ವಾಸನೆ ಅದಕ್ಕೆ ತಿಳಿಯದಂತೆ ಮಾಡುತ್ತವೆ. ಹಚ್ಚಿದ ಜಾಗಕ್ಕೆ ಮಾತ್ರ ರಕ್ಷಣೆ. ಇಲ್ಲಿಯ ಶೇಕಡಾ ಅಂಕಿ ಹೇಳುವುದು ಎಷ್ಟು ಹೊತ್ತು ಎಂಬುದನ್ನು. ಶೇ. 10ರ ಡೀಟ್ ಸುಮಾರು ಎರಡು ಗಂಟೆ, ಶೇ. 30ರದು ಸುಮಾರು ಐದು ಗಂಟೆ ತಡೆಯುತ್ತದೆ. ಮಕ್ಕಳಿಗೆ ಶೇ. 30ಕ್ಕಿಂತ ಹೆಚ್ಚಿನದು ಬೇಡವೆಂದೂ ಎರಡು ತಿಂಗಳೊಳಗಿನ ಕೂಸಿಗೆ ಡೀಟ್ ಹಚ್ಚಲೇಬಾರದೆಂದೂ ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಯಿದೆ. ನೀಲಗಿರಿಯ ಹೆಸರನ್ನು ಹೊತ್ತ ‘ಲೆಮನ್ ಯೂಕಲಿಪ್ಟಸ್’ ಎಣ್ಣೆ ಸಸ್ಯಜನ್ಯವಾದರೂ ಮೂರು ವರ್ಷದೊಳಗಿನವರಿಗೆ ಸಲ್ಲದು. ಬಟ್ಟೆಗೆ ಅಂಟಿಸುವ ಸಿಟ್ರೊನೆಲ್ಲಾ ಬಿಲ್ಲೆಗಳ ಪರಿಮಳ ಬೇಗ ಆರುತ್ತದೆ. ಅವನ್ನೇ ನೆಚ್ಚಿ ಮಗುವನ್ನು ತೋಟಕ್ಕೆ ಬಿಡುವಂತಿಲ್ಲ.

ಆ ಮನೆಯಲ್ಲಿ ಮುಲಾಮು ನಿಜವಾಗಿ ಬೇಕಾದದ್ದು ಎಂಟು ವರ್ಷದ ಹುಡುಗಿಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಬೆಳಗಾದ ನಂತರದ ಒಂದೆರಡು ಗಂಟೆ ಮತ್ತು ಸಂಜೆ ಕತ್ತಲಾಗುವ ಮುನ್ನಿನ ಹೊತ್ತು ಅದಕ್ಕೆ ಹೆಚ್ಚು ಇಷ್ಟ. ಹುಡುಗಿ ತೋಟದ ಕಾಲುದಾರಿಯಲ್ಲಿ ಶಾಲೆಗೆ ನಡೆಯುವುದೂ ಮರಳಿ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ರಾತ್ರಿ ಹಾಕುವ ಯಂತ್ರ ಅವಳನ್ನು ಈ ಸೊಳ್ಳೆಯಿಂದ ಕಾಯುವುದಿಲ್ಲ. ಹೊರಡುವ ಮುಂಚೆ ಅಮ್ಮ ಮುಲಾಮನ್ನು ತನ್ನ ಅಂಗೈಗೆ ತೆಗೆದುಕೊಂಡು ಅವಳ ಕಾಲು, ತೋಳು, ಕತ್ತಿಗೆ ತೆಳುವಾಗಿ ಸವರಬೇಕು. ಹುಡುಗಿಯ ಅಂಗೈಗೆ ಹಚ್ಚಬಾರದು, ಏಕೆಂದರೆ ಅದು ಕಣ್ಣಿಗೂ ಬಾಯಿಗೂ ಹೋಗುವ ಕೈ. ಗಾಯ, ತುರಿಯ ಮೇಲೆಯೂ ಬಟ್ಟೆಯ ಒಳಗೂ ಬೇಡ. ಮನೆಗೆ ಬಂದ ಮೇಲೆ ಸಾಬೂನಿನಿಂದ ತೊಳೆದುಬಿಡಬೇಕು. ಎರಡೂವರೆ ವರ್ಷದ ಮಗುವಿಗೆ ಹಚ್ಚುವುದಿದ್ದರೆ ಟ್ಯೂಬಿನ ಮೇಲಿನ ವಯಸ್ಸಿನ ಸೂಚನೆಯನ್ನು ಓದಿ, ಹೊರಗೆ ಹೋಗುವ ಹೊತ್ತಿಗೆ ಮಾತ್ರ ಒಮ್ಮೆ ಹಚ್ಚಿದರೆ ಸಾಕು. ಕೂಸಿಗೆ ಪರದೆ ಇರುವಾಗ ಮುಲಾಮಿನ ಅಗತ್ಯವೇ ಬೀಳದು.

ನಾಲ್ಕನೆಯದು ‘ಗಿಡಮೂಲಿಕೆ’ ಊದುಬತ್ತಿ. ಅದರ ಹೊದಿಕೆಯನ್ನು ಎಲ್ಲ ಬದಿಯಿಂದ ತಿರುಗಿಸಿ ನೋಡಿದರೂ ನೋಂದಣಿ ಸಂಖ್ಯೆಯಿಲ್ಲ, ಕ್ರಿಯಾಶೀಲ ದ್ರವ್ಯದ ಹೆಸರಿಲ್ಲ, ಬಣ್ಣದ ವಜ್ರವಿಲ್ಲ. ಬೇವು ತುಳಸಿಗಳ ಚಿತ್ರ ಮಾತ್ರ ಇದೆ. ಎರಡು ಕಡ್ಡಿ ಹಚ್ಚಿದೊಡನೆ ಸೊಳ್ಳೆಗಳು ಪಟಪಟನೆ ಬೀಳುತ್ತವೆ ಎಂಬುದೇ ಇದರ ಖ್ಯಾತಿ. ಅದೇ ಸಂಶಯದ ಕಾರಣವೂ ಹೌದು. ಬೇವಿನ ಹೊಗೆಗೆ ಸೊಳ್ಳೆ ದೂರ ಸರಿದೀತು, ನಿಮಿಷದಲ್ಲಿ ಸತ್ತು ಬೀಳದು. ಇಂಥ ಊದುಬತ್ತಿಗಳಲ್ಲಿ ಮೆಪರ್‌ಫ್ಲುತ್ರಿನ್, ಡೈಮೆಫ್ಲುತ್ರಿನ್ ಮೊದಲಾದ ಸಂಶ್ಲೇಷಿತ ದ್ರವ್ಯಗಳು ಹೆಸರು ಹೇಳದೆ ಸೇರಿದ್ದುದು ದೇಶದ ಹಲವೆಡೆ ಪರೀಕ್ಷೆಗಳಲ್ಲಿ ಕಂಡುಬಂದಿದೆ. ದ್ರವ್ಯ ಯಾವುದೆಂದೂ ಎಷ್ಟೆಂದೂ ಗೊತ್ತಿಲ್ಲದಾಗ ಮಗುವಿಗೆ ಬಾಧೆಯಾದರೆ ವೈದ್ಯರಿಗೂ ದಾರಿ ತಿಳಿಯದು. ಜತೆಗೆ ಬತ್ತಿಯ ಹೊಗೆಯ ದೋಷಗಳೆಲ್ಲ ಇದಕ್ಕೂ ಉಂಟು. ಇದು ಮನೆಯೊಳಗೆ ಬರಲೇಬಾರದ ಸರಕು. ಕೀಟನಾಶಕ ನಿರೀಕ್ಷಕರಿಗೆ ಮಾದರಿ ತೆಗೆದು ವಿಶ್ಲೇಷಣೆಗೆ ಕಳುಹಿಸುವ ಅಧಿಕಾರವಿದೆ. ಅವರನ್ನು ಕೃಷಿ ಇಲಾಖೆಯ ಮೂಲಕ ತಲುಪಬಹುದು. ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ ಲಿಖಿತ ದೂರು ಕೊಡುವಾಗ ಪೊಟ್ಟಣವನ್ನೂ ಬಿಲ್ಲನ್ನೂ ಜತೆಗಿಟ್ಟರೆ ದೂರಿಗೆ ತೂಕ ಬರುತ್ತದೆ.

ಕೊನೆಗೆ ಅಜ್ಜಿಯ ಪೆಟ್ಟಿಗೆಯ ಪರದೆ. ಇದರಲ್ಲಿ ‘ಉಳಿದ ಪಾಲು’ ಎಂಬುದೇ ಇಲ್ಲ. ಉರಿಯುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಹುಟ್ಟಿದ ದಿನದಿಂದಲೇ ಕೂಸಿಗೆ ಸಲ್ಲುವ ಉಪಾಯ ಇದೊಂದೇ. ಆದರೆ ಪರದೆಗೂ ಪರೀಕ್ಷೆ ಬೇಕು. ಸೊಳ್ಳೆ ನುಸುಳದಿರಬೇಕಾದರೆ ಒಂದು ಚದರ ಇಂಚಿನಲ್ಲಿ 156ಕ್ಕೆ ಕಡಿಮೆಯಿಲ್ಲದಷ್ಟು ಕಣ್ಣುಗಳಿರಬೇಕು. ಹುಡುಗಿಯ ಶಾಲೆಯ ಅಡಿಪಟ್ಟಿಯನ್ನು ಬಟ್ಟೆಯ ಮೇಲಿಟ್ಟು ಒಂದು ಇಂಚಿನಲ್ಲಿ ಉದ್ದಕ್ಕೆ ಎಷ್ಟು ಕಣ್ಣು, ಅಡ್ಡಕ್ಕೆ ಎಷ್ಟು ಕಣ್ಣು ಎಂದು ಅವಳಿಂದಲೇ ಎಣಿಸಿ ಗುಣಿಸಿ ನೋಡಬಹುದು. ಹದಿಮೂರಕ್ಕೆ ಹದಿಮೂರಾದರೆ 169, ಪರದೆ ಸರಿಯಾಗಿದೆ. ಹತ್ತಕ್ಕೆ ಹತ್ತಾದರೆ 100, ನೊಣಕ್ಕೆ ಆದೀತು, ನುಸಿಗೆ ಸಾಲದು. ಹರಿದ ಜಾಗಕ್ಕೆ ಸೂಜಿದಾರ ಸಾಕು.

ಸಾದಾ ಪರದೆಗೆ ಒಂದು ಮಿತಿಯಿದೆ. ನಿದ್ದೆಯಲ್ಲಿ ಕೈಕಾಲು ಪರದೆಗೆ ತಾಗಿದರೆ ಹೊರಗಿನ ಸೊಳ್ಳೆ ಬಟ್ಟೆಯ ಮೂಲಕವೇ ಕಚ್ಚುತ್ತದೆ. ನೂಲಿನಲ್ಲೇ ಡೆಲ್ಟಾಮೆತ್ರಿನ್, ಆಲ್ಫಾ-ಸೈಪರ್‌ಮೆತ್ರಿನ್ ಅಥವಾ ಪರ್ಮೆತ್ರಿನ್ ಸೇರಿಸಿದ ದೀರ್ಘಕಾಲಿಕ ಪರದೆಗಳು ಈ ಕೊರತೆಯನ್ನು ತುಂಬುತ್ತವೆ. ಇವು ಹಸುಗೂಸುಗಳಿಗೂ ಬಳಸಬಹುದಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಹೊಸದನ್ನು ಬಿಚ್ಚಿ ಒಂದು ದಿನ ನೆರಳಿನಲ್ಲಿ ಹರವಿದ ಮೇಲೆ ಕಟ್ಟಬೇಕು. ಇಲ್ಲವಾದರೆ ಮೊದಲ ರಾತ್ರಿ ಸೀನು, ಚರ್ಮದ ಚುರುಚುರು ಕಾಣಬಹುದು. ಸಾದಾ ಸಾಬೂನಿನಿಂದ ಮೆಲ್ಲಗೆ ತೊಳೆದು ನೆರಳಿನಲ್ಲಿ ಒಣಗಿಸಿದರೆ ಸುಮಾರು ಇಪ್ಪತ್ತು ಒಗೆತ, ಅಂದರೆ ಮೂರು ವರ್ಷ, ಔಷಧದ ಗುಣ ಉಳಿಯುತ್ತದೆ. ಬಿಸಿಲಿಗೆ ಹಾಕಿ, ಬ್ಲೀಚಿಂಗ್ ಹುಡಿಯಲ್ಲಿ ನೆನೆಸಿ, ಕಲ್ಲಿಗೆ ಬಡಿದರೆ ಅದು ಬೇಗ ಸಾದಾ ಪರದೆಯಾಗುತ್ತದೆ. ತೊಳೆದ ನೀರನ್ನು ಕೆರೆಗೂ ತೋಡಿಗೂ ಬಿಡಬಾರದು, ಈ ದ್ರವ್ಯಗಳು ಮೀನುಗಳಿಗೆ ಘೋರ ವಿಷ. ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ, ಕಟ್ಟುವ ದಾರಗಳನ್ನು ಕೂಸಿನ ಕೈಗೆ ಎಟುಕದಷ್ಟು ಮೇಲೆ ಬಿಗಿದಿರಬೇಕು. ಸಡಿಲ ದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿದೆ.

ಹೀಗೆ ನೋಡಿದಾಗ ಆ ಮನೆಯ ತೀರ್ಮಾನ ತಾನಾಗಿ ಮೂಡುತ್ತದೆ. ಕೂಸಿಗೆ ಹಗಲು ಕೊಡೆಯಾಕಾರದ ಪುಟ್ಟ ಪರದೆ, ರಾತ್ರಿ ಅಮ್ಮನ ಜತೆ ದೊಡ್ಡ ಪರದೆ. ಹುಡುಗಿಗೆ ಶಾಲೆಯ ಹಾದಿಗೆ ಮುಲಾಮು. ನಡುವಿನ ಮಗುವಿನ ಸಲುವಾಗಿ ದ್ರವದ ಯಂತ್ರ ಎತ್ತರದ ಪ್ಲಗ್ಗಿನಲ್ಲಿ, ಮಲಗುವ ಮುನ್ನ ಅರ್ಧ ಗಂಟೆ ಮಾತ್ರ. ಹೆಚ್ಚುವರಿ ಬಾಟಲಿ ಬೀಗವಿರುವ ಕಪಾಟಿನಲ್ಲಿ, ಎಣ್ಣೆ ಮತ್ತು ಔಷಧದ ಸೀಸೆಗಳಿಂದ ದೂರ. ಬತ್ತಿ ಜಗಲಿಗೆ. ಹೆಸರಿಲ್ಲದ ಊದುಬತ್ತಿ ಅಂಗಡಿಗೆ ವಾಪಸು.

ಚೀಟಿಯಲ್ಲಿ ಸರಿಯಾದ ಸೂಚನೆಯೂ ಎಚ್ಚರಿಕೆಯೂ ಇಲ್ಲದೆ ಹಾನಿಯಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ತಯಾರಕರು ಹೊಣೆಗಾರರಾಗುತ್ತಾರೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಮೊದಲ ಮಾಹಿತಿ ದೊರೆಯುತ್ತದೆ. ಎರಡಕ್ಕೂ ಆಧಾರವಾಗುವುದು ಬಿಲ್ಲು ಮತ್ತು ತಂಡದ ಸಂಖ್ಯೆಯಿರುವ ಪೆಟ್ಟಿಗೆ. ಬಾಟಲಿ ಮುಗಿಯುವವರೆಗೆ ಆ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡರೆ ಆಸ್ಪತ್ರೆಯಲ್ಲಿಯೂ ಆಯೋಗದಲ್ಲಿಯೂ ಅದೇ ಮೊದಲ ಸಾಕ್ಷಿ.